ಗುಂಪುವಾರು ವಿವರಣಾ ಕೋಷ್ಟಕ: ಸರಾಸರಿ, ಮಧ್ಯಾಂಕ, ಹರವು

ಸಂಶೋಧನಾ ವರದಿಯೊಂದರಲ್ಲಿ ಹಲವು ಗುಂಪುಗಳಿಂದ ಅಳೆದು ತಂದ ಅಂಕಿಗಳನ್ನು ಗುಂಪಿಗೊಂದು ಸಾಲಿನಂತೆ ಅಡಕಗೊಳಿಸಿ ತೋರಿಸುವ ಪಟ್ಟಿಗೆ ಗುಂಪುವಾರು ವಿವರಣಾ ಕೋಷ್ಟಕ ಎನ್ನಬಹುದು. ಪ್ರತಿ ಸಾಲಿನಲ್ಲೂ ಸಾಮಾನ್ಯವಾಗಿ ನಾಲ್ಕು ಸಂಗತಿಗಳಿರುತ್ತವೆ. ಗುಂಪಿನಲ್ಲಿ ಎಷ್ಟು ಅಳತೆಗಳಿವೆ, ಅವುಗಳ ಸರಾಸರಿ ಎಷ್ಟು, ಏರಿಕೆಯ ಕ್ರಮದಲ್ಲಿ ಜೋಡಿಸಿದಾಗ ನಡುವೆ ನಿಲ್ಲುವ ಮಧ್ಯಾಂಕ ಎಷ್ಟು, ಮತ್ತು ಅಳತೆಗಳು ಒಂದರಿಂದೊಂದು ಎಷ್ಟು ದೂರ ಹರಡಿವೆ. ಈ ಕೊನೆಯದನ್ನು ಹರವು ಎನ್ನೋಣ. ಅದನ್ನು ಮಾನಕ ವಿಚಲನೆಯಾಗಿ, ಚತುರ್ಥಕಗಳ ನಡುವಿನ ಅಂತರವಾಗಿ ಅಥವಾ ಕನಿಷ್ಠ–ಗರಿಷ್ಠಗಳ ಜೋಡಿಯಾಗಿ ಬರೆಯುವುದುಂಟು. ಇಂಥ ಕೋಷ್ಟಕ ವರದಿಯ ಫಲಿತಾಂಶ ಭಾಗದ ಮೊದಲಲ್ಲೇ, ಯಾವುದೇ ಪರೀಕ್ಷೆಗೂ ಮುನ್ನ ಬರುತ್ತದೆ. ವೈದ್ಯಕೀಯ ನಿಯತಕಾಲಿಕೆಗಳಲ್ಲಿ ರೋಗಿಗಳ ಗುಂಪುಗಳನ್ನು ಪರಿಚಯಿಸುವ ಮೊದಲ ಕೋಷ್ಟಕವೂ ಇದೇ ಜಾತಿಯದು. ಅಲ್ಲಿ ಗುಂಪುಗಳು ಸಾಲುಗಳಾಗುವ ಬದಲು ಅಂಕಣಗಳಾಗುತ್ತವೆ, ಅಷ್ಟೆ.

ಓದುಗರು ಈ ಕೋಷ್ಟಕದ ಸರಾಸರಿ ಅಂಕಣದ ಮೇಲೆ ಕಣ್ಣಾಡಿಸಿ, ಯಾವುದು ದೊಡ್ಡದು ಯಾವುದು ಚಿಕ್ಕದು ಎಂದು ಗುರುತಿಸಿ ಮುಂದಿನ ಪುಟಕ್ಕೆ ಹೋಗುವುದೇ ಹೆಚ್ಚು. ಆದರೆ ಈ ಅಂಕಣಗಳನ್ನು ಒಂದಕ್ಕೊಂದು ಹೋಲಿಸಿ ಓದಬೇಕು. ಸರಾಸರಿಯನ್ನು ಎಷ್ಟರಮಟ್ಟಿಗೆ ನಂಬಬಹುದೆಂದು ಮಧ್ಯಾಂಕ ಹೇಳುತ್ತದೆ. ಅಂಕಿಗಳು ಎರಡೂ ಬದಿಗೆ ಸಮನಾಗಿ ಹರಡಿವೆಯೋ ಒಂದೇ ಬದಿಗೆ ವಾಲಿವೆಯೋ ಎಂಬುದು ಸರಾಸರಿಯನ್ನೂ ಹರವನ್ನೂ ಒಟ್ಟಿಗೆ ನೋಡಿದಾಗ ತಿಳಿಯುತ್ತದೆ. ಮೂಲ ಅಂಕಿಗಳು ಕೈಯಲ್ಲಿ ಇಲ್ಲದ ಓದುಗರಿಗೆ ಅವುಗಳ ಆಕಾರ ಊಹಿಸಲು ಇರುವ ದಾರಿ ಇದೊಂದೇ.

ಒಂದು ನಿಜವಾದ ಉದಾಹರಣೆ

ಸಂಖ್ಯಾಶಾಸ್ತ್ರದ ತಂತ್ರಾಂಶವಾದ ಆರ್‌ನಲ್ಲಿ `InsectSprays` ಎಂಬ ಪುಟ್ಟ ದತ್ತಾಂಶ ಅಳವಡಿಸಿಯೇ ಬರುತ್ತದೆ. ಬೇರೆ ಬೇರೆ ಕೀಟನಾಶಕ ಸಿಂಪಡಿಸಿದ ಹೊಲದ ತಾಕುಗಳಲ್ಲಿ ಎಣಿಸಿದ ಕೀಟಗಳ ಸಂಖ್ಯೆ ಅದರಲ್ಲಿದೆ. ಔಷಧಗಳು ಆರು, ಒಂದೊಂದಕ್ಕೆ ಹನ್ನೆರಡು ತಾಕು, ಒಟ್ಟು 72 ಎಣಿಕೆ. ಈ ಅಂಕಿಗಳ ಮೂಲ, ಕೀಟಶಾಸ್ತ್ರದ ಹೊಲ ಪ್ರಯೋಗಗಳ ಬಗ್ಗೆ ಜಿ. ಬೀಲ್ 1942ರಲ್ಲಿ ಬಯೊಮೆಟ್ರಿಕಾ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನ. ಔಷಧಗಳ ಹೆಸರು ಕಡತದಲ್ಲಿ ಇಲ್ಲ. ಆರು ಅಕ್ಷರಗಳಷ್ಟೇ ಇವೆ. ಅವನ್ನು ಇಲ್ಲಿ ಎ, ಬಿ, ಸಿ, ಡಿ, ಇ, ಎಫ್ ಎಂದು ಬರೆಯಲಾಗಿದೆ. ಕೋಷ್ಟಕ ಹೀಗಿದೆ:

| ಔಷಧ | ತಾಕು | ಸರಾಸರಿ | ಮಧ್ಯಾಂಕ | ಮಾನಕ ವಿಚಲನೆ | ಕನಿಷ್ಠ–ಗರಿಷ್ಠ |
|---|---|---|---|---|---|
| ಎ | 12 | 14.50 | 14.0 | 4.72 | 7–23 |
| ಬಿ | 12 | 15.33 | 16.5 | 4.27 | 7–21 |
| ಸಿ | 12 | 2.08 | 1.5 | 1.98 | 0–7 |
| ಡಿ | 12 | 4.92 | 5.0 | 2.50 | 2–12 |
| ಇ | 12 | 3.50 | 3.0 | 1.73 | 1–6 |
| ಎಫ್ | 12 | 16.67 | 15.0 | 6.21 | 9–26 |

ಆರ್ ಬಳಸುವವರು ಇದರ ಮುಖ್ಯ ಅಂಕಣಗಳನ್ನು ಒಂದೇ ಆಜ್ಞೆಯಲ್ಲಿ ಪಡೆಯಬಹುದು:

```r
aggregate(count ~ spray, data = InsectSprays,
  FUN = function(x) c(n = length(x), mean = mean(x),
                      median = median(x), sd = sd(x)))
```

ಒಂದು ಸಾಲು ಹುಟ್ಟುವ ಬಗೆ

ಕೈಯಲ್ಲಿ ಲೆಕ್ಕ ಹಾಕಿ ನೋಡಲು ಇ ಔಷಧದ ಸಾಲು ಅನುಕೂಲ. ಅದರ ಹನ್ನೆರಡು ಎಣಿಕೆಗಳು ಏರಿಕೆಯ ಕ್ರಮದಲ್ಲಿ 1, 1, 2, 3, 3, 3, 3, 4, 5, 5, 6, 6. ಕೂಡಿದರೆ 42, ಹನ್ನೆರಡರಿಂದ ಭಾಗಿಸಿದರೆ ಸರಾಸರಿ 3.5. ಅಂಕಿಗಳ ಸಂಖ್ಯೆ ಸಮಸಂಖ್ಯೆಯಾದ್ದರಿಂದ ನಟ್ಟನಡುವೆ ಒಂದೇ ಅಂಕಿ ಸಿಗುವುದಿಲ್ಲ. ಆರನೆಯದು ಮತ್ತು ಏಳನೆಯದರ ಸರಾಸರಿಯೇ ಮಧ್ಯಾಂಕ. ಎರಡೂ 3 ಆಗಿರುವುದರಿಂದ ಮಧ್ಯಾಂಕವೂ 3.

ಹರವಿಗಾಗಿ ಪ್ರತಿ ಎಣಿಕೆಯಿಂದ 3.5 ಕಳೆದು, ಬಂದದ್ದನ್ನು ವರ್ಗ ಮಾಡಿ ಕೂಡಬೇಕು. ಇಲ್ಲಿ ಆ ಮೊತ್ತ ಸರಿಯಾಗಿ 33. ಅದನ್ನು 12ರ ಬದಲು 11ರಿಂದ ಭಾಗಿಸಿದರೆ 3 ಬರುತ್ತದೆ. ಅದರ ವರ್ಗಮೂಲ 1.73 ಮಾನಕ ವಿಚಲನೆ. ಹನ್ನೊಂದೇ ಏಕೆ ಎಂಬುದಕ್ಕೆ ಕಾರಣವಿದೆ. ವ್ಯತ್ಯಾಸಗಳನ್ನು ಅಳೆಯಬೇಕಾದದ್ದು ಆ ಔಷಧದ ನಿಜವಾದ ಸರಾಸರಿಯಿಂದ. ಅದು ಗೊತ್ತಿಲ್ಲದ್ದರಿಂದ ಇದೇ ಹನ್ನೆರಡು ಅಂಕಿಗಳ ಸರಾಸರಿಯನ್ನು ಬಳಸಿದ್ದೇವೆ. ಯಾವುದೇ ಅಂಕಿಗಳ ಗುಂಪು ಬೇರೆ ಯಾವ ಬಿಂದುವಿಗಿಂತಲೂ ತನ್ನದೇ ಸರಾಸರಿಗೆ ಹತ್ತಿರವಿರುತ್ತದಾದ್ದರಿಂದ 33 ಎಂಬ ಮೊತ್ತ ಸ್ವಲ್ಪ ಚಿಕ್ಕದಾಗಿಯೇ ಬರುತ್ತದೆ. ಒಂದು ಕಡಿಮೆ ಮಾಡಿ ಭಾಗಿಸುವುದು ಆ ಕೊರತೆ ತುಂಬುವ ಉಪಾಯ. ಎಕ್ಸೆಲ್‌ನಲ್ಲಿ `STDEV.S` ಹೀಗೆ 11ರಿಂದ ಭಾಗಿಸುತ್ತದೆ, `STDEV.P` 12ರಿಂದ ಭಾಗಿಸಿ 1.66 ಕೊಡುತ್ತದೆ. ಹನ್ನೆರಡೇ ತಾಕುಗಳ ಗುಂಪಿನಲ್ಲಿ ಈ ವ್ಯತ್ಯಾಸ ಎರಡನೇ ದಶಮಾಂಶ ಸ್ಥಾನದಲ್ಲೇ ಕಾಣಿಸುತ್ತದೆ. ಸಹಲೇಖಕರಿಬ್ಬರು ಬೇರೆ ಬೇರೆ ಸೂತ್ರ ಹಾಕಿ ಒಂದೇ ಕೋಷ್ಟಕ ತುಂಬಿದರೆ ಸಾಲುಗಳು ಹೋಲಿಕೆಗೆ ಒದಗುವುದಿಲ್ಲ.

ಚತುರ್ಥಕಗಳ ವಿಷಯ ಇದಕ್ಕಿಂತ ಗೊಂದಲದ್ದು. ಅಂಕಿಗಳ ಕೆಳಗಿನ ಕಾಲುಭಾಗ ಎಲ್ಲಿ ಮುಗಿಯುತ್ತದೆ, ಮೇಲಿನ ಕಾಲುಭಾಗ ಎಲ್ಲಿ ಶುರುವಾಗುತ್ತದೆ ಎಂಬುದನ್ನು ಗುರುತಿಸುವ ಒಮ್ಮತದ ವಿಧಾನವೇ ಇಲ್ಲ. ತಂತ್ರಾಂಶಗಳು ಬಳಸುವ ಒಂಬತ್ತು ವಿಧಾನಗಳನ್ನು ಹೈಂಡ್‌ಮನ್ ಮತ್ತು ಫ್ಯಾನ್ 1996ರಲ್ಲಿ ಒಟ್ಟುಗೂಡಿಸಿ ವಿವರಿಸಿದರು. ಎಫ್ ಔಷಧದ ಅಂಕಿಗಳನ್ನೇ ನೋಡಿ: 9, 10, 11, 13, 13, 15, 15, 16, 22, 24, 26, 26. ಆರ್‌ನ ರೂಢಿಯ ವಿಧಾನದಲ್ಲಿ, ಎಕ್ಸೆಲ್‌ನ `QUARTILE.INC`ನಲ್ಲಿ ಸಹ, ಕೆಳ ಚತುರ್ಥಕ 12.5, ಮೇಲಿನದು 22.5, ಅಂತರ 10. ಜಾನ್ ಟ್ಯೂಕಿ ಹೇಳಿಕೊಟ್ಟಂತೆ ಕೆಳಗಿನ ಆರರ ಮಧ್ಯಾಂಕವನ್ನೂ ಮೇಲಿನ ಆರರ ಮಧ್ಯಾಂಕವನ್ನೂ ತೆಗೆದುಕೊಂಡರೆ 12 ಮತ್ತು 23, ಅಂತರ 11. `QUARTILE.EXC` ಬಳಸಿದರೆ 11.5 ಮತ್ತು 23.5, ಅಂತರ 12. ಒಂದೇ ಹೊಲ, ಒಂದೇ ಎಣಿಕೆ, ಆದರೂ ಉತ್ತರ ಮೂರು. ಇವುಗಳಲ್ಲಿ ಯಾವುದೂ ತಪ್ಪಲ್ಲ. ಯಾವ ವಿಧಾನ ಬಳಸಿದೆ ಎಂದು ಕೋಷ್ಟಕದ ಕೆಳಗೆ ಒಂದು ಸಾಲು ಬರೆಯದಿರುವುದು ಮಾತ್ರ ತಪ್ಪು. ಗುಂಪು ದೊಡ್ಡದಾದಂತೆ ಈ ಭಿನ್ನತೆ ಕರಗುತ್ತದೆ. ನೂರಾರು ಅಳತೆಗಳಿದ್ದಲ್ಲಿ ಇದಕ್ಕೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ಸರಾಸರಿ ಮತ್ತು ಮಧ್ಯಾಂಕ ಒಪ್ಪದಿದ್ದಾಗ

ಯಾವ ಔಷಧ ಹಾಕಿದ ತಾಕುಗಳಲ್ಲಿ ಕೀಟಗಳು ಅತಿ ಹೆಚ್ಚು? ಸರಾಸರಿ ಅಂಕಣ ನೋಡಿದವರು ಎಫ್ ಎನ್ನುತ್ತಾರೆ, ಏಕೆಂದರೆ 16.67 ಎಲ್ಲಕ್ಕಿಂತ ದೊಡ್ಡದು. ಮಧ್ಯಾಂಕದ ಅಂಕಣ ನೋಡಿದವರು ಬಿ ಎನ್ನುತ್ತಾರೆ, ಅಲ್ಲಿ 16.5 ಇದೆ, ಎಫ್‌ನಲ್ಲಿ 15. ಎರಡು ಅಂಕಣಗಳು ಎರಡು ಉತ್ತರ ಕೊಡುತ್ತಿವೆ. ಇಂಥ ಕಡೆ ಯಾವುದಾದರೂ ಒಂದನ್ನೇ ಅಚ್ಚು ಹಾಕಿದ ವರದಿ, ಲೇಖಕರ ಉದ್ದೇಶ ಏನೇ ಇದ್ದರೂ, ಓದುಗರ ಪರವಾಗಿ ತೀರ್ಮಾನವನ್ನೂ ಮಾಡಿಬಿಟ್ಟಿರುತ್ತದೆ.

ಕಾರಣ ಎಫ್‌ನ ಅಂಕಿಗಳ ಜೋಡಣೆಯಲ್ಲಿದೆ. ಮೇಲಿನ ಪಟ್ಟಿಯನ್ನು ಮತ್ತೊಮ್ಮೆ ನೋಡಿದರೆ ಎಂಟು ತಾಕುಗಳು 9ರಿಂದ 16ರ ಒಳಗೆ ಒತ್ತಾಗಿವೆ, ಉಳಿದ ನಾಲ್ಕು 22ರಿಂದ 26ರಲ್ಲಿವೆ. ನಡುವೆ ಯಾವುದೂ ಇಲ್ಲ. ಮೇಲಿನ ನಾಲ್ಕು ತಾಕುಗಳು ಸರಾಸರಿಯನ್ನು ತಮ್ಮ ಕಡೆಗೆ ಎಳೆದುಕೊಂಡು 16.67ಕ್ಕೆ ತಂದು ನಿಲ್ಲಿಸಿವೆ. ಹನ್ನೆರಡು ತಾಕುಗಳಲ್ಲಿ ಎಂಟು ಆ ಸರಾಸರಿಗಿಂತ ಕೆಳಗೇ ಇವೆ. ಬಿ ಔಷಧದಲ್ಲಿ ಇದಕ್ಕೆ ತಿರುಗುಮುರುಗು. ಅಲ್ಲಿ 7, 11, 11ರಂಥ ಸಣ್ಣ ಎಣಿಕೆಗಳು ಸರಾಸರಿಯನ್ನು ಮಧ್ಯಾಂಕಕ್ಕಿಂತ ಕೆಳಗೆ ಇಳಿಸಿವೆ. ಈ ಹನ್ನೆರಡು ಅಂಕಿಗಳನ್ನು ಕಾಣದ ಓದುಗರೂ ಕೋಷ್ಟಕದಿಂದಲೇ ಇಷ್ಟನ್ನು ಗ್ರಹಿಸಬಹುದು: ಎಫ್‌ನಲ್ಲಿ ಸರಾಸರಿ ಮಧ್ಯಾಂಕಕ್ಕಿಂತ ಮೇಲಿದೆ, ಮಾನಕ ವಿಚಲನೆ ಆರು ಗುಂಪುಗಳಲ್ಲೇ ದೊಡ್ಡದು, ಗರಿಷ್ಠ 26. ಹಾಗಾದರೆ ಮೇಲ್ಬದಿಯಲ್ಲಿ ಕೆಲವು ದೊಡ್ಡ ಎಣಿಕೆಗಳಿವೆ. ಆದರೆ ಅಂಕಿಗಳು ಎರಡು ಗುಂಪಾಗಿ ಒಡೆದಿವೆ ಎಂಬುದು ಮಾತ್ರ ಕೋಷ್ಟಕದಿಂದ ತಿಳಿಯದು. ಅದಕ್ಕೆ ಹನ್ನೆರಡು ಚುಕ್ಕಿಗಳ ಚಿತ್ರ ಬೇಕು. ಇಷ್ಟು ಚಿಕ್ಕ ಗುಂಪುಗಳಿದ್ದಾಗ ಕೋಷ್ಟಕದ ಪಕ್ಕದಲ್ಲಿ ಚುಕ್ಕಿಚಿತ್ರವನ್ನೂ ಕೊಡುವುದು ಲೇಖಕರ ಕರ್ತವ್ಯವೆಂದೇ ಹೇಳಬೇಕು.

ಡಿ ಔಷಧದ ಸಾಲು ಇನ್ನೊಂದು ಬಗೆಯದು. ಅಲ್ಲಿ ಸರಾಸರಿ 4.92, ಮಧ್ಯಾಂಕ 5. ಎರಡೂ ಹೆಚ್ಚುಕಡಿಮೆ ಒಂದೇ. ಸರಾಸರಿ ಮತ್ತು ಮಧ್ಯಾಂಕ ಹತ್ತಿರವಿದ್ದರೆ ಅಂಕಿಗಳು ಸಮವಾಗಿ ಹರಡಿವೆ ಎಂಬ ಪಾಠವನ್ನು ಇಲ್ಲಿ ಹಾಗೆಯೇ ಅನ್ವಯಿಸಿದರೆ ಮೋಸಹೋಗುತ್ತೇವೆ. ಡಿ ಎಣಿಕೆಗಳು 2, 3, 3, 4, 4, 5, 5, 5, 5, 5, 6, 12. ಹನ್ನೊಂದು ತಾಕುಗಳು 2ರಿಂದ 6ರ ಒಳಗಿದ್ದು ಒಂದೇ ಒಂದು 12ಕ್ಕೆ ಹಾರಿದೆ. ಆ ಒಂದನ್ನು ಬದಿಗಿಟ್ಟು ಲೆಕ್ಕ ಹಾಕಿದರೆ ಸರಾಸರಿ 4.27ಕ್ಕೆ ಇಳಿಯುತ್ತದೆ, ಮಧ್ಯಾಂಕ 5ರಲ್ಲೇ ನಿಲ್ಲುತ್ತದೆ, ಮಾನಕ ವಿಚಲನೆ 2.50ರಿಂದ 1.19ಕ್ಕೆ, ಎಂದರೆ ಅರ್ಧಕ್ಕಿಂತಲೂ ಕೆಳಗೆ ಬೀಳುತ್ತದೆ. ಒಂದು ತಾಕು ಇಡೀ ಗುಂಪಿನ ಹರವನ್ನು ಇಮ್ಮಡಿ ಮಾಡಿದೆ. ಮಾನಕ ವಿಚಲನೆಯಲ್ಲಿ ವ್ಯತ್ಯಾಸಗಳನ್ನು ವರ್ಗ ಮಾಡುವುದರಿಂದ ದೂರದ ಅಂಕಿಗೆ ಅದರ ದೂರಕ್ಕಿಂತ ಹೆಚ್ಚಿನ ತೂಕ ಸಿಗುತ್ತದೆ. ಚತುರ್ಥಕಗಳ ಅಂತರಕ್ಕೆ ಈ ದೌರ್ಬಲ್ಯವಿಲ್ಲ. ಡಿಯಲ್ಲಿ ಆರ್‌ನ ವಿಧಾನದಂತೆ ಅದು 1.25 ಮಾತ್ರ. ಮಾನಕ ವಿಚಲನೆ 2.50, ಚತುರ್ಥಕಾಂತರ ಅದರ ಅರ್ಧ. ಗಂಟೆಯಾಕಾರದ ಸಾಮಾನ್ಯ ಹಂಚಿಕೆಯಲ್ಲಿ ಚತುರ್ಥಕಾಂತರವೇ ಮಾನಕ ವಿಚಲನೆಯ ಸುಮಾರು 1.35 ಪಟ್ಟು ಇರಬೇಕು. ಇವೆರಡರ ನಡುವಿನ ಸಂಬಂಧ ಹೀಗೆ ತಲೆಕೆಳಗಾಗಿದ್ದರೆ ದೂರದಲ್ಲೊಂದು ಒಂಟಿ ಅಂಕಿ ಕುಳಿತಿದೆ ಎಂದು ಸಂಶಯಪಡಬೇಕು. ಹಾಗೆ ಸಿಕ್ಕಿದ 12ನ್ನು ಅಳಿಸಿಹಾಕುವುದು ಸರಿಯಲ್ಲ. ಹೊಲದ ಪುಸ್ತಕಕ್ಕೆ ಹಿಂದಿರುಗಿ ಬರಹದ ದೋಷವೋ, ಸಿಂಪಡಣೆ ತಪ್ಪಿದ ಮೂಲೆಯೋ ಎಂದು ನೋಡಬೇಕು. ಯಾವುದೂ ಅಲ್ಲದಿದ್ದರೆ ಆ ಅಂಕಿಯನ್ನು ಇಟ್ಟುಕೊಂಡೇ ವರದಿ ಮಾಡಬೇಕು.

ಹರವು ಸರಾಸರಿಯ ಜೊತೆ ಬೆಳೆಯುವುದು

ಸಿ ಔಷಧದ ಸಾಲಿನಲ್ಲಿ ಸರಾಸರಿ 2.08, ಮಾನಕ ವಿಚಲನೆ 1.98. ಸಾಮಾನ್ಯ ಹಂಚಿಕೆಯಲ್ಲಿ ಸುಮಾರು ನೂರಕ್ಕೆ 95 ಅಂಕಿಗಳು ಸರಾಸರಿಯ ಎರಡೂ ಬದಿಗೆ ಎರಡೆರಡು ಮಾನಕ ವಿಚಲನೆಗಳ ಒಳಗಿರುತ್ತವೆ. ಸಿಗೆ ಈ ಲೆಕ್ಕ ಹಾಕಿದರೆ ಕೆಳಗಿನ ಅಂಚು ಸೊನ್ನೆಗಿಂತ ಕೆಳಗೆ, ಹೆಚ್ಚುಕಡಿಮೆ −1.9ಕ್ಕೆ ಹೋಗುತ್ತದೆ. ಸೊನ್ನೆಗಿಂತ ಕಡಿಮೆ ಕೀಟಗಳಿರುವ ತಾಕು ಇರಲಾರದು. ಆದ್ದರಿಂದ ಇದು ಸಾಮಾನ್ಯ ಹಂಚಿಕೆಯಲ್ಲ. ಎಣಿಕೆಗಳು ಸೊನ್ನೆಯ ಗೋಡೆಗೆ ಒತ್ತಿಕೊಂಡು ಮೇಲ್ಬದಿಗೆ ಬಾಲ ಚಾಚಿವೆ. ಈ ಸರಳ ತಪಾಸಣೆಯನ್ನು ಡಗ್ಲಸ್ ಆಲ್ಟ್‌ಮನ್ ಮತ್ತು ಮಾರ್ಟಿನ್ ಬ್ಲ್ಯಾಂಡ್ 1996ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು ಚಿಕ್ಕ ಟಿಪ್ಪಣಿಯಾಗಿ ಬರೆದರು. ಋಣಾತ್ಮಕವಾಗಲಾರದ ಅಳತೆಯೊಂದರ ಸರಾಸರಿ ಅದರ ಮಾನಕ ವಿಚಲನೆಯ ಎರಡರಷ್ಟಕ್ಕಿಂತ ಕಡಿಮೆಯಿದ್ದರೆ ಅಂಕಿಗಳು ವಾಲಿವೆಯೆಂದು ತಿಳಿಯಬಹುದು ಎಂಬುದು ಅದರ ತಿರುಳು. ನಮ್ಮ ಕೋಷ್ಟಕದಲ್ಲಿ ಸಿಯ ಸರಾಸರಿ ಮಾನಕ ವಿಚಲನೆಯ ಒಂದರಷ್ಟು ಮಾತ್ರ. ಡಿ ಮತ್ತು ಇ ಎರಡರ ಆಸುಪಾಸಿನಲ್ಲಿವೆ. ಎ, ಬಿ, ಎಫ್‌ಗಳಲ್ಲಿ ಈ ಸಂಶಯಕ್ಕೆ ಎಡೆಯಿಲ್ಲ.

ಅದೇ ಟಿಪ್ಪಣಿಯ ಇನ್ನೊಂದು ಮಾತು ಹಲವು ಗುಂಪುಗಳ ಕೋಷ್ಟಕಕ್ಕೆಂದೇ ಇದೆ. ಸರಾಸರಿ ದೊಡ್ಡದಾದ ಗುಂಪಿನಲ್ಲಿ ಮಾನಕ ವಿಚಲನೆಯೂ ದೊಡ್ಡದಾಗುತ್ತಿದ್ದರೆ ಅದೂ ವಾಲಿಕೆಯ ಸೂಚನೆ. ಕೋಷ್ಟಕದ ಎರಡು ಅಂಕಣಗಳನ್ನು ಜೊತೆಯಾಗಿ ಓದಿ. ಸರಾಸರಿ 2ರಿಂದ 5ರ ಒಳಗಿರುವ ಸಿ, ಡಿ, ಇಗಳಲ್ಲಿ ಮಾನಕ ವಿಚಲನೆ 1.7ರಿಂದ 2.5. ಸರಾಸರಿ 14 ದಾಟಿದ ಎ, ಬಿ, ಎಫ್‌ಗಳಲ್ಲಿ ಅದು 4.3ರಿಂದ 6.2. ವರ್ಗ ರೂಪದಲ್ಲಿ ನೋಡಿದರೆ ಇಯಲ್ಲಿ 3, ಎಫ್‌ನಲ್ಲಿ 38.6; ಹದಿಮೂರು ಪಟ್ಟು ವ್ಯತ್ಯಾಸ. ಎಣಿಕೆಗಳಿಗೆ ಇದು ಸಹಜ ಗುಣ. ಕೀಟಗಳು ವಿರಳವಾಗಿರುವಲ್ಲಿ ತಾಕಿನಿಂದ ತಾಕಿಗೆ ಏರಿಳಿಯಲು ಜಾಗವೇ ಇರುವುದಿಲ್ಲ, ದಟ್ಟವಾಗಿರುವಲ್ಲಿ ಏರಿಳಿತವೂ ದೊಡ್ಡದು. ಆದರೆ ಗುಂಪುಗಳ ಸರಾಸರಿಗಳನ್ನು ಹೋಲಿಸುವ ರೂಢಿಯ ಪರೀಕ್ಷೆ, ಎಲ್ಲ ಗುಂಪುಗಳ ಹರವೂ ಒಂದೇ ಎಂದುಕೊಂಡು ಹೊರಡುತ್ತದೆ. ಆ ನಂಬಿಕೆ ಇಲ್ಲಿ ನಿಲ್ಲುವುದಿಲ್ಲವೆಂಬುದನ್ನು ವಿವರಣಾ ಕೋಷ್ಟಕವೇ, ಪರೀಕ್ಷೆಗೂ ಮುಂಚೆ, ತೋರಿಸಿಕೊಟ್ಟಿದೆ.

ಬೀಲ್ ಅವರ ಲೇಖನದ ವಿಷಯವೇ ಇದಕ್ಕೆ ಪರಿಹಾರ. ಎಣಿಕೆಗಳನ್ನು ಬೇರೊಂದು ಅಳತೆಗೋಲಿಗೆ ಬದಲಾಯಿಸಿದರೆ ಹರವುಗಳು ಸಮೀಪಕ್ಕೆ ಬರುತ್ತವೆ. ಅತ್ಯಂತ ಸರಳ ಬದಲಾವಣೆ ವರ್ಗಮೂಲ. ಪ್ರತಿ ಎಣಿಕೆಯ ವರ್ಗಮೂಲ ತೆಗೆದು ಮಾನಕ ವಿಚಲನೆ ಲೆಕ್ಕ ಹಾಕಿದಾಗ ಎ 0.62, ಬಿ 0.58, ಸಿ 0.76, ಡಿ 0.50, ಇ 0.50, ಎಫ್ 0.75 ಬರುತ್ತವೆ. ಮೊದಲು ಅತಿ ದೊಡ್ಡದು ಅತಿ ಚಿಕ್ಕದರ ಮೂರೂವರೆ ಪಟ್ಟಿತ್ತು, ಈಗ ಒಂದೂವರೆ ಪಟ್ಟು ಮಾತ್ರ. ಸರಾಸರಿಯ ಜೊತೆ ಹರವು ಬೆಳೆಯುವ ಚಾಳಿಯೂ ನಿಂತಿದೆ. ಅತಿ ಚಿಕ್ಕ ಸರಾಸರಿಯ ಸಿ ಮತ್ತು ಅತಿ ದೊಡ್ಡ ಸರಾಸರಿಯ ಎಫ್ ಸರಿಸುಮಾರು ಒಂದೇ ಹರವಿಗೆ ಬಂದಿವೆ.

ಧಾರವಾಡ, ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯಗಳಿಂದ ಬರುವ ಕೀಟಶಾಸ್ತ್ರದ ಪ್ರಬಂಧಗಳನ್ನು ತಿರುವಿದವರಿಗೆ ಈ ಕ್ರಮ ಚಿರಪರಿಚಿತ. ಅಲ್ಲಿ ಕೋಷ್ಟಕದ ಪ್ರತಿ ಮನೆಯಲ್ಲೂ ಕೀಟಗಳ ಸರಾಸರಿ, ಅದರ ಕೆಳಗೆ ಆವರಣದೊಳಗೆ ಇನ್ನೊಂದು ಅಂಕಿ ಇರುತ್ತದೆ, ಆವರಣದಲ್ಲಿರುವುದು √(x + 0.5) ರೂಪಾಂತರದ ಬೆಲೆ ಎಂದು ಅಡಿಟಿಪ್ಪಣಿ ಹೇಳುತ್ತದೆ. ಸೊನ್ನೆಗಳೂ ಸಣ್ಣ ಎಣಿಕೆಗಳೂ ಹೆಚ್ಚಿರುವಾಗ ಬರಿಯ ವರ್ಗಮೂಲಕ್ಕಿಂತ ಅರ್ಧ ಕೂಡಿಸಿ ತೆಗೆದ ವರ್ಗಮೂಲ ಹರವನ್ನು ಚೆನ್ನಾಗಿ ಸಮಗೊಳಿಸುತ್ತದೆ ಎಂಬುದು ಅದರ ಹಿಂದಿನ ಕಾರಣ. ಒಳ್ಳೆಯ ರೂಢಿ, ಆದರೆ ಒಂದು ಎಚ್ಚರ ಬೇಕು. ವರ್ಗಮೂಲಗಳ ಸರಾಸರಿಯನ್ನು ಮತ್ತೆ ವರ್ಗ ಮಾಡಿದರೆ ಮೂಲ ಸರಾಸರಿ ವಾಪಸು ಬರುವುದಿಲ್ಲ. ಸಿ ಔಷಧದಲ್ಲಿ ಹಾಗೆ ಮಾಡಿದರೆ 1.55 ಸಿಗುತ್ತದೆ, ನಿಜವಾದ ಸರಾಸರಿ 2.08. ಎರಡರಲ್ಲಿ ಯಾವುದನ್ನು ಅಚ್ಚು ಹಾಕಿದೆ ಎಂದು ಹೇಳದ ಕೋಷ್ಟಕದಲ್ಲಿ ಕಾಲುಭಾಗದಷ್ಟು ಕೀಟಗಳು ಕಾಗದದ ಮೇಲೆಯೇ ಮಾಯವಾಗುತ್ತವೆ.

ಕೂಡು-ಕಳೆ ಚಿಹ್ನೆಯ ಹಿಂದೆ ಏನಿದೆ

ಸ್ಥಳ ಉಳಿಸಲು ಅನೇಕ ವರದಿಗಳು ಸರಾಸರಿಯ ಪಕ್ಕದಲ್ಲಿ ± ಹಾಕಿ ಒಂದು ಅಂಕಿ ಬರೆಯುತ್ತವೆ. ಅದು ಮಾನಕ ವಿಚಲನೆಯೂ ಆಗಿರಬಹುದು, ಮಾನಕ ದೋಷವೂ ಆಗಿರಬಹುದು. ಎರಡರ ಕೆಲಸ ಬೇರೆ. ಮಾನಕ ವಿಚಲನೆ ತಾಕುಗಳು ಒಂದರಿಂದೊಂದು ಎಷ್ಟು ಭಿನ್ನ ಎಂದು ಹೇಳುತ್ತದೆ. ಮಾನಕ ದೋಷ, ಇದೇ ಪ್ರಯೋಗವನ್ನು ಮತ್ತೆ ಮತ್ತೆ ಮಾಡಿದರೆ ಸರಾಸರಿಯೇ ಎಷ್ಟು ಅಲುಗಾಡೀತು ಎಂದು ಹೇಳುತ್ತದೆ. ಮೊದಲನೆಯದನ್ನು ಅಳತೆಗಳ ಸಂಖ್ಯೆಯ ವರ್ಗಮೂಲದಿಂದ ಭಾಗಿಸಿದರೆ ಎರಡನೆಯದು ಸಿಗುತ್ತದೆ. ಹನ್ನೆರಡು ತಾಕುಗಳಿದ್ದಾಗ ಆ ಭಾಜಕ 3.46. ಹೀಗೆ ಎಫ್‌ನ ಸಾಲನ್ನು 16.67 ± 6.21 ಎಂದೂ ಬರೆಯಬಹುದು, 16.67 ± 1.79 ಎಂದೂ ಬರೆಯಬಹುದು. ಎರಡನೆಯದು ಕಣ್ಣಿಗೆ ಅಚ್ಚುಕಟ್ಟಾಗಿ ಕಾಣುತ್ತದೆ. ಅದನ್ನು ಹರವೆಂದು ತಿಳಿದ ರೈತ, ತನ್ನ ತಾಕಿನಲ್ಲಿ 15ರಿಂದ 18 ಕೀಟ ಸಿಕ್ಕೀತು ಎಂದುಕೊಳ್ಳುತ್ತಾನೆ. ಹೊಲದಲ್ಲಿ ಸಿಕ್ಕದ್ದು 9ರಿಂದ 26. ವಿವರಣಾ ಕೋಷ್ಟಕದ ಕೆಲಸ ಅಂಕಿಗಳನ್ನು ವರ್ಣಿಸುವುದು, ಆದ್ದರಿಂದ ಅಲ್ಲಿರಬೇಕಾದದ್ದು ಮಾನಕ ವಿಚಲನೆಯೇ. ಮಾನಕ ದೋಷಕ್ಕೆ ಮುಂದಿನ ಭಾಗದಲ್ಲಿ, ಗುಂಪುಗಳ ಅಂತರವನ್ನು ಅಂದಾಜು ಮಾಡುವಲ್ಲಿ ಜಾಗವಿದೆ.

ಲೇಖಕರು ಹೇಳದಿದ್ದರೂ ಪತ್ತೆ ಮಾಡುವ ದಾರಿಯೊಂದಿದೆ. ಕನಿಷ್ಠ, ಗರಿಷ್ಠಗಳನ್ನು ಕೊಟ್ಟಿದ್ದರೆ ಮಾನಕ ವಿಚಲನೆ ಇಷ್ಟಕ್ಕಿಂತ ಕಡಿಮೆಯಾಗಲಾರದು ಎಂಬ ಗಡಿ ಸಿಗುತ್ತದೆ. ಹನ್ನೆರಡು ಅಂಕಿಗಳಲ್ಲಿ ಎರಡು ತುದಿಗಳಲ್ಲಿದ್ದು ಉಳಿದ ಹತ್ತೂ ಸರಿಯಾಗಿ ನಡುವೆಯೇ ಕೂತಿದ್ದರೂ, ಮಾನಕ ವಿಚಲನೆ ಒಟ್ಟು ವ್ಯಾಪ್ತಿಯನ್ನು 4.69ರಿಂದ ಭಾಗಿಸಿದಷ್ಟಾದರೂ ಇದ್ದೇ ತೀರುತ್ತದೆ. ಈ 4.69 ಎಂಬುದು 22ರ ವರ್ಗಮೂಲ. 22 ಎಂದರೆ ಅಳತೆಗಳ ಸಂಖ್ಯೆಯಲ್ಲಿ ಒಂದು ಕಳೆದು ಬಂದ 11ರ ಇಮ್ಮಡಿ. ಎಫ್‌ನ ವ್ಯಾಪ್ತಿ 17, ಆದ್ದರಿಂದ ಗಡಿ 3.62. ಅದಕ್ಕಿಂತ ಕೆಳಗಿರುವ 1.79 ಮಾನಕ ವಿಚಲನೆಯಾಗಿರಲು ಸಾಧ್ಯವೇ ಇಲ್ಲ, ಅದು ಮಾನಕ ದೋಷವೇ.

ತಾಕುಗಳ ಅಂಕಣ, ಒಟ್ಟು ಸಾಲು

ಎಷ್ಟು ಅಳತೆಗಳು ಎಂಬ ಅಂಕಣ ನೀರಸವಾಗಿ ಕಾಣುತ್ತದೆ, ನಮ್ಮ ಕೋಷ್ಟಕದಲ್ಲಂತೂ ಆರೂ ಸಾಲುಗಳಲ್ಲಿ 12. ಆದರೆ ಮಾನಕ ದೋಷ, ಗಡಿಯ ಲೆಕ್ಕ, ಇವೆಲ್ಲ ನಡೆಯುವುದು ಆ ಅಂಕಣದ ಬಲದಿಂದ. ಅಳತೆಗಳು ಕಳೆದುಹೋದ ಅಧ್ಯಯನಗಳಲ್ಲಿ ಅದು ಗುಂಪಿನಿಂದ ಗುಂಪಿಗೆ ಮಾತ್ರವಲ್ಲ, ಒಂದೇ ಗುಂಪಿನಲ್ಲಿ ಅಳತೆಯಿಂದ ಅಳತೆಗೂ ಬದಲಾಗುತ್ತದೆ.

ಕೋಷ್ಟಕದ ಕೊನೆಗೆ ಕೆಲವರು ಒಟ್ಟು ಎಂಬ ಸಾಲು ಸೇರಿಸುತ್ತಾರೆ. ಇಲ್ಲಿ 72 ತಾಕುಗಳ ಸರಾಸರಿ 9.5, ಮಧ್ಯಾಂಕ 7, ಮಾನಕ ವಿಚಲನೆ 7.20. ಆರು ಔಷಧಗಳಲ್ಲಿ ಒಂದರ ಸರಾಸರಿಯೂ 5ರಿಂದ 14ರ ನಡುವೆ ಇಲ್ಲ, ಆದ್ದರಿಂದ 9.5 ಯಾವ ಔಷಧದ ನಡತೆಯನ್ನೂ ಹೇಳುವುದಿಲ್ಲ. ಒಟ್ಟು ಸಾಲಿನ ಹರವು ಯಾವ ಒಂದು ಗುಂಪಿನ ಹರವಿಗಿಂತಲೂ ದೊಡ್ಡದಾಗಿರುವುದನ್ನು ಗಮನಿಸಿ. ಗುಂಪಿನ ಒಳಗಿನ ಏರಿಳಿತದ ಮೇಲೆ ಗುಂಪು-ಗುಂಪುಗಳ ನಡುವಿನ ಅಂತರವೂ ಬಂದು ಕೂಡಿಕೊಂಡಿದೆ. ಈ ಬೆರಕೆ ಸಾಲಿನಿಂದ ಹೊಸ ಪ್ರಯೋಗಕ್ಕೆ ಎಷ್ಟು ತಾಕು ಬೇಕೆಂದು ಲೆಕ್ಕ ಹಾಕಿದರೆ ಅನಗತ್ಯವಾಗಿ ದೊಡ್ಡ ಸಂಖ್ಯೆ ಬರುತ್ತದೆ.

ಅಚ್ಚಾದ ಅಂಕಿ ಸಾಧ್ಯವೇ ಎಂದು ನೋಡುವುದು

ಎಣಿಕೆಗಳು ಪೂರ್ಣಾಂಕಗಳು. ಹನ್ನೆರಡು ಪೂರ್ಣಾಂಕಗಳ ಮೊತ್ತ ಪೂರ್ಣಾಂಕವೇ, ಆದ್ದರಿಂದ ಸರಾಸರಿ ಹನ್ನೆರಡನೇ ಒಂದರ ಅಪವರ್ತ್ಯವಾಗಿರಬೇಕು. ಎರಡು ದಶಮಾಂಶಗಳಿಗೆ ಬರೆದರೆ ಬಿಂದುವಿನ ಬಲಗಡೆ ಬರಬಹುದಾದವು 00, 08, 17, 25, 33, 42, 50, 58, 67, 75, 83, 92 ಮಾತ್ರ. ಡಿಯ ಸರಾಸರಿ 4.92 ಎಂದಿದೆ, ಅದು ಈ ಪಟ್ಟಿಯಲ್ಲಿದೆ. ಟೈಪ್ ಮಾಡುವಾಗ 4.96 ಎಂದಾಗಿದ್ದರೆ? ಮೊತ್ತ 59 ಆದರೆ 4.92, 60 ಆದರೆ 5.00, ನಡುವೆ ಏನೂ ಇಲ್ಲ. ಮೂಲ ಅಂಕಿಗಳನ್ನು ನೋಡದೆಯೇ ತಪ್ಪನ್ನು ಎತ್ತಿ ತೋರಿಸಬಹುದು. ಮಧ್ಯಾಂಕಕ್ಕೂ ಇಂಥ ಕಟ್ಟು ಇದೆ: ಹನ್ನೆರಡು ಪೂರ್ಣಾಂಕಗಳ ಮಧ್ಯಾಂಕ ಪೂರ್ಣಾಂಕವಾಗಿರಬೇಕು ಅಥವಾ ಅರ್ಧದಲ್ಲಿ ಮುಗಿಯಬೇಕು.

ಸರಾಸರಿಯ ಈ ತಪಾಸಣೆಗೆ ನಿಕ್ ಬ್ರೌನ್ ಮತ್ತು ಜೇಮ್ಸ್ ಹೀದರ್ಸ್ ಗ್ರಿಮ್ ಎಂಬ ಹೆಸರಿಟ್ಟು 2017ರಲ್ಲಿ ಪ್ರಕಟಿಸಿದರು. ಮನೋವಿಜ್ಞಾನದ ಲೇಖನಗಳಲ್ಲಿ ತಪಾಸಣೆಗೆ ಒಗ್ಗುವಂಥ 71ನ್ನು ಅವರು ಹೀಗೆ ಪರಿಶೀಲಿಸಿದಾಗ 36ರಲ್ಲಿ ಕನಿಷ್ಠ ಒಂದಾದರೂ ಅಸಾಧ್ಯವೆನಿಸುವ ಸರಾಸರಿ ಸಿಕ್ಕಿತು. ಹಾಗೆ ಸಿಕ್ಕಿದ್ದೆಲ್ಲ ಮೋಸವೆಂದು ಹೇಳುವಂತಿಲ್ಲ. ಒಬ್ಬರು ಉತ್ತರ ಕೊಡದೆ ಗುಂಪಿನ ಸಂಖ್ಯೆ ಒಂದು ಕಡಿಮೆಯಾಗಿ, ಕೋಷ್ಟಕದಲ್ಲಿ ಹಳೆಯ ಸಂಖ್ಯೆಯೇ ಉಳಿದರೂ ಇದೇ ಫಲ. ಎರಡು ದಶಮಾಂಶ ಕೊಟ್ಟ ಕೋಷ್ಟಕದಲ್ಲಿ ಗುಂಪು ನೂರಕ್ಕೆ ತಲುಪಿದರೆ ಎಲ್ಲ ಅಂಕಿಗಳೂ ಸಾಧ್ಯವಾಗಿಬಿಡುತ್ತವೆ, ತಪಾಸಣೆ ಕೆಲಸಕ್ಕೆ ಬಾರದು. ಎತ್ತರ, ತೂಕದಂಥ ಭಿನ್ನರಾಶಿ ಅಳತೆಗಳಿಗೂ ಅದು ಸಲ್ಲದು.

ಕೋಷ್ಟಕದಿಂದ ಜಾರಿಹೋಗುವ ಸಂಗತಿ

ಸರಾಸರಿ, ಮಧ್ಯಾಂಕ, ಮಾನಕ ವಿಚಲನೆ ಮೂರಕ್ಕೂ ಅಂಕಿಗಳ ಅನುಕ್ರಮ ಬೇಡ. ಯಾವ ಅಂಕಿ ಮೊದಲು, ಯಾವುದು ನಂತರ ಎಂಬುದನ್ನು ಕಲಸಿದರೂ ಉತ್ತರ ಬದಲಾಗದು. ಆದರೆ ಅನುಕ್ರಮದಲ್ಲಿ ಮಾಹಿತಿ ಇರಬಹುದು. ಆರ್‌ನ ಕಡತದಲ್ಲಿ ಪ್ರತಿ ಔಷಧದ ಮೂರನೇ ಎಣಿಕೆಯನ್ನು ಹೆಕ್ಕಿ ನೋಡಿದರೆ ಎಯಲ್ಲಿ 20, ಬಿಯಲ್ಲಿ 21, ಸಿಯಲ್ಲಿ 7, ಡಿಯಲ್ಲಿ 12. ಬಿ, ಸಿ, ಡಿಗಳಲ್ಲಿ ಅದು ಆ ಔಷಧದ ಗರಿಷ್ಠ, ಎಯಲ್ಲಿ ಗರಿಷ್ಠಕ್ಕೆ ಒಂದೇ ಮೆಟ್ಟಿಲು ಕೆಳಗೆ. ಮೇಲೆ ಒಂಟಿ ಅಂಕಿಯೆಂದು ಕಂಡ ಡಿಯ 12, ಸಿಯ ಗರಿಷ್ಠವಾದ 7, ಎರಡೂ ಇದೇ ಸ್ಥಾನದವು. ಇ ಮತ್ತು ಎಫ್‌ನಲ್ಲಿ ಮಾತ್ರ ಮೂರನೆಯದು ಸಾಧಾರಣ, 3 ಮತ್ತು 15. ಹೊಲದ ಒಂದೇ ಪಟ್ಟಿಯಲ್ಲಿದ್ದ ತಾಕುಗಳನ್ನು ಒಂದೇ ಕ್ರಮಸಂಖ್ಯೆಯಲ್ಲಿ ಬರೆದಿದ್ದರೆ, ಕೀಟ ಹೆಚ್ಚಾಗಿ ಬಿದ್ದ ಪಟ್ಟಿಯೊಂದು ನಾಲ್ಕು ಗುಂಪುಗಳ ಸರಾಸರಿಯನ್ನೂ ಹರವನ್ನೂ ಒಟ್ಟಿಗೆ ಏರಿಸಿದೆ ಎಂದಾಗುತ್ತದೆ. ಕಡತದಲ್ಲಿರುವುದು `count`, `spray` ಎಂಬ ಎರಡೇ ಅಂಕಣಗಳು. ತಾಕು ಎಲ್ಲಿತ್ತೆಂಬ ಮೂರನೇ ಅಂಕಣವಿಲ್ಲ. ಹೊಲವನ್ನು ಪಟ್ಟಿಗಳಾಗಿ ಹಂಚಿ ಮಾಡಿದ ಪ್ರಯೋಗದ ವರದಿಯಲ್ಲಿ ಔಷಧವಾರು ಕೋಷ್ಟಕದ ಕೆಳಗೆ ಪಟ್ಟಿವಾರು ಸರಾಸರಿಗಳ ಇನ್ನೊಂದು ಚಿಕ್ಕ ಕೋಷ್ಟಕ ಇದ್ದರೆ ಈ ಪ್ರಶ್ನೆಗೆ ಓದುಗರೇ ಉತ್ತರ ಕಂಡುಕೊಳ್ಳಬಹುದು.